ಆರುನೂರು ಸೆಕೆಂಡಿನಲ್ಲಿ ಒಂದು ಪಂದ್ಯ

ಅಮೀರ್ ಸೊಹೇಲ್ ಬೌಂಡರಿ ಬಾರಿಸಿ, ಬ್ಯಾಟನ್ನು ಬೌಂಡರಿಯ ಕಡೆ ಚಾಚಿ ವೆಂಕಟೇಶ್ ಪ್ರಸಾದ್‌ಗೆ ಏನೋ ಹೇಳಿದ್ದನ್ನು, ಮುಂದಿನ ಎಸೆತದಲ್ಲೇ ಅವರ ಆಫ್ ಸ್ಟಂಪ್ ಕಿತ್ತುಹೋದದ್ದನ್ನು ನೋಡದ ಕ್ರಿಕೆಟ್ ಪ್ರೇಮಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್ ಅದು. ಪಂದ್ಯ ನಡೆದಾಗ ಹುಟ್ಟಿರದವರೂ ಆ ಎರಡು ಎಸೆತಗಳನ್ನು ಮೊಬೈಲಿನಲ್ಲಿ ನೋಡಿದ್ದಾರೆ. ಆದರೆ ಆ ತುಣುಕನ್ನಷ್ಟೇ ನೋಡಿದವರನ್ನು ‘ಭಾರತ ಎಷ್ಟು ರನ್ನಿನಿಂದ ಗೆದ್ದಿತು, ಯಾಕೆ ಗೆದ್ದಿತು?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ತುಣುಕಿಗೂ ಹೈಲೈಟ್ಸ್‌ಗೂ ಇರುವ ಅಂತರ ಅದೇ. ತುಣುಕು ಒಂದು ಗಳಿಗೆಯನ್ನು ತೋರಿಸುತ್ತದೆ. ಹೈಲೈಟ್ಸ್ ಪಂದ್ಯ ಯಾಕೆ ಹಾಗೆ ಮುಗಿಯಿತು ಎಂಬುದನ್ನು ಹೇಳಬೇಕು.

ಹಾಗೆ ಹೇಳಬೇಕೆಂದರೆ ಅದಕ್ಕೊಂದು ಬರಹ ಬೇಕು. ಎಡಿಟಿಂಗ್ ಮೇಜಿನ ಮುಂದೆ ಕೂರುವ ಮೊದಲೇ ಯಾವ ಎಸೆತ ಇರಬೇಕು, ರೀಪ್ಲೇ ಎಲ್ಲಿ ಬರಬೇಕು, ಸ್ಕೋರ್ ಯಾವ ಕ್ಷಣದಲ್ಲಿ ತೆರೆಗೆ ಬರಬೇಕು, ವೀಕ್ಷಕ ವಿವರಣೆ ಎಲ್ಲಿ ಶುರುವಾಗಿ ಎಲ್ಲಿ ಸುಮ್ಮನಾಗಬೇಕು ಎಂದು ಸೆಕೆಂಡಿನ ಲೆಕ್ಕದಲ್ಲಿ ಬರೆದಿಟ್ಟ ಹಾಳೆ ಅದು. ಇದೇ ಪಂದ್ಯಕ್ಕೆ ಹತ್ತು ನಿಮಿಷದ ಕನ್ನಡ ಹೈಲೈಟ್ಸ್ ಮಾಡುವುದಾದರೆ ಆ ಹಾಳೆ ಹೇಗಿರುತ್ತದೆ ಎಂದು ನೋಡೋಣ.

ಹದಿನೈದಕ್ಕೆ ಒಂದು

ಭಾರತ 50 ಓವರುಗಳಲ್ಲಿ 8 ವಿಕೆಟಿಗೆ 287. ಓವರುಗಳನ್ನು ನಿಧಾನವಾಗಿ ಮುಗಿಸಿದ್ದಕ್ಕೆ ಪಾಕಿಸ್ತಾನಕ್ಕೆ ಒಂದು ಓವರ್ ಕಡಿತವಾಗಿ ಸಿಕ್ಕಿದ್ದು 49 ಓವರ್. ಅದರಲ್ಲಿ ಅವರು ಗಳಿಸಿದ್ದು 9 ವಿಕೆಟಿಗೆ 248. ಭಾರತಕ್ಕೆ 39 ರನ್ ಜಯ. ಎರಡೂ ಇನಿಂಗ್ಸ್ ಸೇರಿ 99 ಓವರ್, ಅಂದರೆ ವೈಡ್, ನೋಬಾಲ್ ಬಿಟ್ಟು 594 ಎಸೆತ.

ಹತ್ತು ನಿಮಿಷವೆಂದರೆ ಆರುನೂರು ಸೆಕೆಂಡು. ಆರಂಭಕ್ಕೂ ಮುಕ್ತಾಯಕ್ಕೂ ಸುಮಾರು 45 ಸೆಕೆಂಡು ಹೋಗುತ್ತದೆ. ಉಳಿದದ್ದರಲ್ಲಿ ಒಂದು ಎಸೆತಕ್ಕೆ ಎಷ್ಟು ಬೇಕು? ಬೌಲರನ ಇಡೀ ಓಟವನ್ನು ತೋರಿಸುವಂತಿಲ್ಲ. ಚೆಂಡು ಕೈಬಿಡುವ ಎರಡು ಸೆಕೆಂಡು ಮೊದಲು ಚಿತ್ರ ಶುರುವಾಗಬೇಕು. ಹೊಡೆತ, ಬೌಂಡರಿ, ಪ್ರೇಕ್ಷಕರ ಮುಖ ಸೇರಿ ಏಳೆಂಟು ಸೆಕೆಂಡು. ಕೆಲವಕ್ಕೆ ರೀಪ್ಲೇ ಸೇರಿಸಿದರೆ ಸರಾಸರಿ 14 ಸೆಕೆಂಡು. ಹೀಗೆ ಲೆಕ್ಕ ಹಾಕಿದರೆ ತೋರಿಸಲು ಸಾಧ್ಯವಾಗುವುದು ಹೆಚ್ಚೆಂದರೆ ನಲವತ್ತು ಎಸೆತ. ಅಂದರೆ ಹದಿನೈದು ಎಸೆತಕ್ಕೆ ಒಂದು ಉಳಿಯುತ್ತದೆ, ಹದಿನಾಲ್ಕು ಹೋಗುತ್ತವೆ.

ಹೊಸಬರು ಇಲ್ಲಿ ಮಾಡುವುದು ಸುಲಭದ ಕೆಲಸ: ಬಿದ್ದ ಹದಿನೇಳು ವಿಕೆಟ್ಟುಗಳನ್ನೂ ದೊಡ್ಡ ಹೊಡೆತಗಳನ್ನೂ ಸಾಲಾಗಿ ಜೋಡಿಸುವುದು. ಅದರಲ್ಲಿ ಎಲ್ಲವೂ ಇರುತ್ತದೆ, ಪಂದ್ಯವಿರುವುದಿಲ್ಲ. ಅನುಭವಿ ಬರಹಗಾರ ಮೊದಲು ಸ್ಕೋರ್ ಪುಸ್ತಕ ಹಿಡಿದು ಪಂದ್ಯದ ಬೆನ್ನೆಲುಬು ಎಲ್ಲಿದೆ ಎಂದು ಹುಡುಕುತ್ತಾನೆ.

ಈ ಪಂದ್ಯದ ಬೆನ್ನೆಲುಬು ಸಿಗುವುದು ಸೊಹೇಲ್ ವಿಕೆಟಿನಲ್ಲಿ ಅಲ್ಲ, ವಖಾರ್ ಯೂನಿಸ್ ಲೆಕ್ಕದಲ್ಲಿ. ವಾಸಿಂ ಅಕ್ರಂ ಗಾಯದಿಂದ ಆಡಿರಲಿಲ್ಲ. ಸೊಹೇಲ್ ನಾಯಕ, ವಖಾರ್ ಮುಖ್ಯ ಬೌಲರ್. ಅವರ ಮೊದಲ ಎಂಟು ಓವರುಗಳಲ್ಲಿ ಭಾರತಕ್ಕೆ ಸಿಕ್ಕಿದ್ದು ಬರೀ 27 ರನ್. ಕೊನೆಯ ಎರಡು ಓವರುಗಳಲ್ಲಿ 40. ಅಜಯ್ ಜಡೇಜ 25 ಎಸೆತಗಳಲ್ಲಿ 45 ಬಾರಿಸಿದ್ದರ ಫಲ ಅದು. ಗೆಲುವಿನ ಅಂತರ 39, ಆ ಎರಡು ಓವರ್ ಕೊಟ್ಟದ್ದು 40. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ಹೈಲೈಟ್ಸಿನ ಆಕಾರ ಸಿಗುತ್ತದೆ. ಜಡೇಜ ಇಲ್ಲದಿದ್ದರೆ ಪ್ರಸಾದ್ ಕಿತ್ತ ಸ್ಟಂಪಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಹಾಗಾಗಿ ಸಮಯದ ಹಂಚಿಕೆ ಹೀಗೆ. ಆರಂಭಕ್ಕೆ 25 ಸೆಕೆಂಡು. ನವಜೋತ್ ಸಿಂಗ್ ಸಿಧು ಅವರ 93 ರನ್ನನ್ನು ನಡುವೆ ಇಟ್ಟುಕೊಂಡು ಭಾರತದ ಇನಿಂಗ್ಸ್ ಬೆಳೆದ ಬಗೆಗೆ 150. ಜಡೇಜ ಮತ್ತು ವಖಾರ್‌ಗೆ 100. ಸಯೀದ್ ಅನ್ವರ್ ಮತ್ತು ಸೊಹೇಲ್ ಅಬ್ಬರಕ್ಕೆ 75. ಪ್ರಸಾದ್–ಸೊಹೇಲ್ ಪ್ರಸಂಗಕ್ಕೆ 65. ಪ್ರಸಾದ್ ಪಡೆದ ಉಳಿದೆರಡು ವಿಕೆಟಿಗೆ 45. ಪಾಕಿಸ್ತಾನದ ಮಧ್ಯಮ ಕ್ರಮಾಂಕ ಸೆಣಸಿದ್ದಕ್ಕೆ 75, ಕೊನೆಯ ಕುಸಿತಕ್ಕೆ 45, ಮುಕ್ತಾಯಕ್ಕೆ 20. ಕೂಡಿದರೆ ಸರಿಯಾಗಿ ಆರುನೂರು.

ಅನ್ವರ್ ಮತ್ತು ಸೊಹೇಲ್ ಅವರಿಗೆ 75 ಸೆಕೆಂಡು ಕೊಡುವುದನ್ನು ಭಾರತದ ಅಭಿಮಾನಿ ಪ್ರಶ್ನಿಸಬಹುದು. ಎದುರಾಳಿಯ ಹೊಡೆತ ಯಾಕೆ ಬೇಕು? ಬೇಕೇ ಬೇಕು. ಅನ್ವರ್ 32 ಎಸೆತಗಳಲ್ಲಿ 48 ಬಾರಿಸಿದ್ದರು. ಶ್ರೀನಾಥ್ ಎಸೆತದಲ್ಲಿ ಕುಂಬ್ಳೆಗೆ ಕ್ಯಾಚಿತ್ತು ಹೊರನಡೆಯುವಾಗ ಸ್ಕೋರ್ 84. ಪಂದ್ಯ ಕೈಜಾರುತ್ತಿತ್ತು ಎಂಬ ಭಯ ನೋಡುಗನಿಗೆ ಹತ್ತದಿದ್ದರೆ, ಮುಂದೆ ಬೀಳುವ ಸ್ಟಂಪ್ ಬರೀ ಒಂದು ಸ್ಟಂಪ್ ಆಗಿ ಉಳಿಯುತ್ತದೆ.

ಅರವತ್ತೈದು ಸೆಕೆಂಡಿನ ಹಾಳೆ

ಆ ಪ್ರಸಂಗದ ಹಾಳೆಯನ್ನೇ ಬಿಡಿಸಿ ನೋಡೋಣ. ಪಾಕಿಸ್ತಾನದ ಇನಿಂಗ್ಸಿನ 15ನೇ ಓವರ್. ಎಡಗಡೆ ಸಮಯ, ಆಮೇಲೆ ಚಿತ್ರ, ಸದ್ದು, ಗ್ರಾಫಿಕ್ಸ್, ಮಾತು. ಮಾತಿನ ಸಾಲುಗಳು ಈ ಲೇಖನಕ್ಕೆಂದೇ ಬರೆದವು.

00–09 ಚಿತ್ರ: ಮೈದಾನದ ದೂರನೋಟ, ನಂತರ ಬೌಲಿಂಗ್ ಗುರುತಿನಲ್ಲಿ ಪ್ರಸಾದ್. ಗ್ರಾಫಿಕ್ಸ್: ಪಾಕಿಸ್ತಾನ 109/1, ಗುರಿ 288, 49 ಓವರ್, ಎರಡನೇ ಸೆಕೆಂಡಿಗೆ ಒಳಗೆ, ಎಂಟನೇ ಸೆಕೆಂಡಿಗೆ ಹೊರಗೆ. ಮಾತು: “ಹದಿನೈದನೇ ಓವರ್. ಅನ್ವರ್ ಹೋದರೂ ರನ್ ನಿಂತಿಲ್ಲ. ನಾಯಕ ಸೊಹೇಲ್ ಐವತ್ತು ದಾಟಿದ್ದಾರೆ.”

09–17 ಚಿತ್ರ: ಎಸೆತ, ಆಫ್ ಬದಿಗೆ ಬೌಂಡರಿ. ಸದ್ದು: ಮೈದಾನದ್ದು ಮಾತ್ರ. ಗ್ರಾಫಿಕ್ಸ್ ಇಲ್ಲ. ಮಾತಿಲ್ಲ.

17–26 ಚಿತ್ರ: ಬ್ಯಾಟ್ ಚಾಚಿದ ಸೊಹೇಲ್, ಹಿಂದಿರುಗುವ ಪ್ರಸಾದ್. ಗ್ರಾಫಿಕ್ಸ್: 113/1, ಸೊಹೇಲ್ 55, ಇಪ್ಪತ್ತನಾಲ್ಕಕ್ಕೆ ಹೊರಗೆ. ಮಾತು, ಇಪ್ಪತ್ತೆರಡರಲ್ಲಿ: “ಓವರ್ ಇನ್ನೂ ಮುಗಿದಿಲ್ಲ.”

26–34 ಚಿತ್ರ: ಮುಂದಿನ ಎಸೆತ, ಬೌಲ್ಡ್. ಸದ್ದು: ಮೈದಾನದ್ದು. ಗ್ರಾಫಿಕ್ಸ್ ಇಲ್ಲ. ಮಾತಿಲ್ಲ.

34–44 ಚಿತ್ರ: ಪ್ರಸಾದ್ ಪೆವಿಲಿಯನ್ ಕಡೆ ಕೈ ತೋರಿಸುವುದು, ಜನ. ಸದ್ದು: ಪೂರ್ತಿ ಎತ್ತರದಲ್ಲಿ. ಮಾತಿಲ್ಲ.

44–54 ಅಡ್ಡಪಟ್ಟಿ ಹಾಯ್ದು ರೀಪ್ಲೇ, ನಿಧಾನಗತಿ, ಒಂದೇ ಕೋನ. ಗ್ರಾಫಿಕ್ಸ್: ಮೂಲೆಯಲ್ಲಿ ‘ರೀಪ್ಲೇ’. ಮಾತು: “ಬ್ಯಾಟ್ ಬೀಸಿದ್ದು ಮತ್ತೆ ಆಫ್ ಬದಿಗೇ. ಈ ಸಲ ಚೆಂಡು ಸಿಗಲಿಲ್ಲ.” ಅಡ್ಡಪಟ್ಟಿಯೊಂದಿಗೆ ಹೊರಗೆ.

54–59 ಚಿತ್ರ: ಹೊರನಡೆಯುವ ಸೊಹೇಲ್. ಗ್ರಾಫಿಕ್ಸ್: ಸೊಹೇಲ್ ಬೌಲ್ಡ್ ಪ್ರಸಾದ್ 55, ಪಾಕಿಸ್ತಾನ 113/2.

59–65 ಚಿತ್ರ: ಗ್ಯಾಲರಿ. ಮಾತು: “ಇನ್ನೂ 175 ಬೇಕು. ಎಂಟು ವಿಕೆಟ್ ಬಾಕಿ. ಪಂದ್ಯ ಯಾರ ಕಡೆಗೂ ವಾಲಿಲ್ಲ.”

ರೀಪ್ಲೇ ಎಲ್ಲಿ ಬೇಡ

ಈ ಹಾಳೆಯಲ್ಲಿ ರೀಪ್ಲೇ ಒಂದೇ ಸಲ ಬರುತ್ತದೆ, ವಿಕೆಟಿನ ನಂತರ. ಬೌಂಡರಿಗೆ ರೀಪ್ಲೇ ಇಲ್ಲ. ನೇರ ಪ್ರಸಾರದಲ್ಲಿ ಬೌಲರ್ ಹಿಂದಿರುಗುವ ಹೊತ್ತಿನಲ್ಲಿ ಬೌಂಡರಿಯನ್ನು ಇನ್ನೊಮ್ಮೆ ತೋರಿಸುವುದು ವಾಡಿಕೆ. ಅಲ್ಲಿ ತುಂಬಲು ಸಮಯ ಇರುತ್ತದೆ. ಹೈಲೈಟ್ಸಿನಲ್ಲಿ ಅದನ್ನೇ ಉಳಿಸಿಕೊಂಡರೆ ಸೊಹೇಲ್ ಸವಾಲಿಗೂ ಪ್ರಸಾದ್ ಉತ್ತರಕ್ಕೂ ನಡುವೆ ಹತ್ತು ಸೆಕೆಂಡಿನ ಗೋಡೆ ಎದ್ದುಬಿಡುತ್ತದೆ. ಕೆರಳಿಸಿದ ಮುಖ, ಹಿಂದಿರುಗುವ ನಡಿಗೆ, ಮುಂದಿನ ಚೆಂಡು ಇವು ಒಂದಕ್ಕೊಂದು ತಾಗಿಕೊಂಡೇ ಇರಬೇಕು. ರೀಪ್ಲೇ ಎಲ್ಲಿ ಬೇಕೆಂದು ಬರೆಯುವುದಕ್ಕಿಂತ ಎಲ್ಲಿ ಬೇಡವೆಂದು ಬರೆಯುವುದು ಹೆಚ್ಚು ಮುಖ್ಯವಾಗುವುದು ಇಂಥ ಕಡೆ.

ರೀಪ್ಲೇಗೂ ಒಂದು ಕ್ರಮವಿದೆ. ಮೊದಲು ಪೂರ್ಣ ವೇಗದ ಆಟ, ಆಮೇಲೆ ಆಟಗಾರರ ಮತ್ತು ಜನರ ಪ್ರತಿಕ್ರಿಯೆ, ಅದು ಇಳಿಯತೊಡಗಿದಾಗ ರೀಪ್ಲೇ. ಸ್ಟಂಪ್ ಹಾರಿದ ತಕ್ಷಣ ರೀಪ್ಲೇಗೆ ಹಾರಿದರೆ ಪ್ರಸಾದ್ ಕೂಗಿದ್ದು ತಪ್ಪಿಹೋಗುತ್ತದೆ. ಈ ವಿಕೆಟಿನಲ್ಲಿ ಜನ ನೆನಪಿಟ್ಟುಕೊಂಡಿರುವುದು ಸ್ಟಂಪನ್ನಷ್ಟೇ ಅಲ್ಲ, ಆ ಕೂಗನ್ನೂ ಕೂಡ. ಅದಕ್ಕೇ 34ರಿಂದ 44ರವರೆಗಿನ ಹತ್ತು ಸೆಕೆಂಡನ್ನು ಯಾರೂ ಮುಟ್ಟಬಾರದು.

ರೀಪ್ಲೇಯ ಎರಡು ತುದಿಗಳಲ್ಲಿ ತೆರೆಯ ಮೇಲೆ ಹಾಯ್ದುಹೋಗುವ ಅಡ್ಡಪಟ್ಟಿ ಬರೀ ಅಲಂಕಾರವಲ್ಲ. ಅದು ಇಲ್ಲದಿದ್ದರೆ, ಅರೆಮನಸ್ಸಿನಿಂದ ನೋಡುತ್ತಿರುವವನಿಗೆ ಇನ್ನೊಂದು ವಿಕೆಟ್ ಬಿದ್ದಂತೆ ಕಾಣುತ್ತದೆ. ಬೌಲ್ಡ್ ಆದಾಗ ಒಂದು ಕೋನ ಸಾಕು. ಕ್ಯಾಚ್ ಅಥವಾ ರನೌಟ್ ಆದರೆ ಎರಡು ಬೇಕಾಗಬಹುದು: ಒಂದು ಏನಾಯಿತೆಂದು ತೋರಿಸಲು, ಇನ್ನೊಂದು ಯಾಕಾಯಿತೆಂದು ತೋರಿಸಲು. ಮೂರನೆಯದು ಹೊಸದೇನನ್ನೂ ಹೇಳುವುದು ಅಪರೂಪ. ಹಳೆಯ ಪಂದ್ಯಗಳಲ್ಲಿ ಇನ್ನೊಂದು ಮಿತಿಯಿದೆ. ಇಂದಿನ ವಿಶೇಷ ಕ್ಯಾಮೆರಾಗಳು ಸೆಕೆಂಡಿಗೆ ನೂರಾರು ಚಿತ್ರ ಹಿಡಿಯುತ್ತವೆ. ಸಾಮಾನ್ಯ ಟೇಪಿನಲ್ಲಿರುವುದು 25. ಅದನ್ನು ಎಡಿಟಿಂಗಿನಲ್ಲಿ ಅತಿಯಾಗಿ ಎಳೆದರೆ ಚೆಂಡು ಮಸುಕಾಗಿ ಚಿತ್ರ ತಡವರಿಸುತ್ತದೆ. ಹಾಗಾಗಿ ಅರ್ಧ ವೇಗಕ್ಕಿಂತ ಕೆಳಗಿಳಿಸದಿರುವುದು ಒಳ್ಳೆಯದು.

ಸ್ಕೋರ್ ಮುಂದೆ ಓಡಿದರೆ

ಹೈಲೈಟ್ಸ್ ಕೆಡುವುದು ಹೆಚ್ಚಾಗಿ ಗ್ರಾಫಿಕ್ಸಿನಲ್ಲಿ. ಅದಕ್ಕೆ ಕಾರಣ ಗೊತ್ತಾಗಬೇಕಾದರೆ ಎರಡು ಬಗೆಯ ಮೂಲಚಿತ್ರಗಳ ಬಗ್ಗೆ ತಿಳಿಯಬೇಕು. ಸ್ಕೋರ್ ಪಟ್ಟಿ ಚಿತ್ರದೊಳಗೇ ಅಚ್ಚಾಗಿರುವುದು ಒಂದು. ಪ್ರಸಾರದವರು ಇದನ್ನು ಡರ್ಟಿ ಫೀಡ್ ಎನ್ನುತ್ತಾರೆ. ಬರೀ ಆಟದ ಚಿತ್ರವಿದ್ದು ಗ್ರಾಫಿಕ್ಸ್ ಇಲ್ಲದಿರುವುದು ಕ್ಲೀನ್ ಫೀಡ್. ಕ್ಲೀನ್ ಫೀಡ್ ಸಿಕ್ಕರೆ ಬರಹಗಾರನಿಗೆ ಸ್ವಾತಂತ್ರ್ಯ, ಬೇಕಾದಲ್ಲಿ ಬೇಕಾದ ಅಂಕಿ ಹಾಕಬಹುದು. ಡರ್ಟಿ ಫೀಡ್ ಆದರೆ ಚಿತ್ರವನ್ನು ಕತ್ತರಿಸಿದಂತೆಲ್ಲ ಮೂಲೆಯ ಅಂಕಿಯೂ ಜಿಗಿಯುತ್ತದೆ.

ಉದಾಹರಣೆಗೆ, ಪ್ರಸಾದ್ ಹಿಂದಿರುಗುವ ದೃಶ್ಯ ಚೆನ್ನಾಗಿ ಸಿಗಲಿಲ್ಲವೆಂದು ಎರಡು ಎಸೆತ ಆಚೆಯ ಅಂಥದೇ ದೃಶ್ಯವನ್ನು ಎಡಿಟರ್ ತಂದು ಹಾಕಿದರು ಎನ್ನೋಣ. ನೋಡಲು ಏನೂ ವ್ಯತ್ಯಾಸವಿಲ್ಲ. ಆದರೆ ಮೂಲೆಯಲ್ಲಿ ಆಗಲೇ 113/2 ಎಂದಿದೆ! ವಿಕೆಟ್ ಬೀಳುವ ಮೊದಲೇ ನೋಡುಗನಿಗೆ ಗುಟ್ಟು ಬಯಲಾಯಿತು. ಹಾಳೆಯಲ್ಲಿ ಎಸೆತಗಳ ಎದುರು ‘ಗ್ರಾಫಿಕ್ಸ್ ಇಲ್ಲ’ ಎಂದು ಒತ್ತಿ ಬರೆದಿರುವುದಕ್ಕೆ ಇದೂ ಒಂದು ಕಾರಣ. ಅಂಕಿ ಬರಬೇಕಾದ್ದು ಎಸೆತಕ್ಕೆ ಮೊದಲು ಪರಿಸ್ಥಿತಿ ತಿಳಿಸಲು, ಇಲ್ಲವೇ ಎಸೆತದ ನಂತರ ಫಲಿತಾಂಶ ಖಚಿತಪಡಿಸಲು. ಎಸೆತ ನಡೆಯುವಾಗ ಕಣ್ಣು ಚೆಂಡಿನ ಮೇಲಿರಲಿ.

ತಪ್ಪು ಹಿಡಿಯಲು ಸರಳ ವಿಧಾನವೊಂದಿದೆ: ಸ್ಕೋರ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಹಾಳೆಯನ್ನು ಹಿಂದಿನಿಂದ ಮುಂದಕ್ಕೆ ಓದುವುದು. ಸೊಹೇಲ್ ಔಟಾದಾಗ 55, ತಂಡ 113. ಹಿಂದಿನ ಎಸೆತ ಬೌಂಡರಿ. ಹಾಗಾದರೆ ಅದಕ್ಕೆ ಮೊದಲು ಸೊಹೇಲ್ 51, ತಂಡ 109 ಇರಲೇಬೇಕು. ಹಾಳೆಯ ಮೊದಲ ಗ್ರಾಫಿಕ್ಸಿನಲ್ಲಿ ಬೇರೆ ಅಂಕಿ ಇದ್ದರೆ ಎಲ್ಲೋ ಎಡವಿದೆ ಎಂದರ್ಥ. ಗುರಿಯ ವಿಷಯವೂ ಅಷ್ಟೆ: ಭಾರತ ಗಳಿಸಿದ್ದು 287, ಗುರಿ 288. ಈ ಒಂದು ರನ್ ಮರೆತರೆ ಬೇಕಾದ ರನ್ನಿನ ಲೆಕ್ಕವೆಲ್ಲ ತಪ್ಪುತ್ತದೆ.

ಗ್ರಾಫಿಕ್ಸ್ ಬರೀ ಸ್ಕೋರ್ ಹೇಳುವುದಲ್ಲ, ಬಿಟ್ಟುಹೋದ ಹದಿನಾಲ್ಕು ಎಸೆತಗಳ ಕೆಲಸವನ್ನೂ ಮಾಡುತ್ತದೆ. ಈ ಹೈಲೈಟ್ಸಿಗೆ ಅಂಥವು ಎರಡು ಸಾಕು. ಜಡೇಜ ಭಾಗದ ಕೊನೆಯಲ್ಲಿ ಪೂರ್ಣ ತೆರೆಯ ಮೇಲೆ: ‘ವಖಾರ್: ಮೊದಲ 8 ಓವರ್ 27 ರನ್, ಕೊನೆಯ 2 ಓವರ್ 40 ರನ್’. ಪ್ರಸಾದ್ ಭಾಗದ ಕೊನೆಯಲ್ಲಿ: ‘113/1ರಿಂದ 132/4’. ಸೊಹೇಲ್ ನಂತರ ಇಜಾಜ್ ಅಹ್ಮದ್ ಮತ್ತು ಇಂಜಮಾಮ್ ಉಲ್ ಹಕ್ ಕೂಡ ಪ್ರಸಾದ್‌ಗೇ ವಿಕೆಟ್ ಒಪ್ಪಿಸಿದ್ದರು. ಹತ್ತೊಂಬತ್ತು ರನ್ನಿಗೆ ಮೂರು ವಿಕೆಟ್. ಮೊಬೈಲಿನ ತುಣುಕು ಹೇಳದೆ ಬಿಡುವ ಸಂಗತಿ ಇದೇ. ಪಂದ್ಯವನ್ನು ತಿರುಗಿಸಿದ್ದು ಒಂದು ಎಸೆತವಲ್ಲ, ಅದರ ಹಿಂದೆಯೇ ಬಂದ ಇನ್ನೆರಡು ವಿಕೆಟ್. ಇಂಥ ಪೂರ್ಣ ತೆರೆಯ ಗ್ರಾಫಿಕ್ಸ್ ಕನಿಷ್ಠ ಐದು ಸೆಕೆಂಡು ನಿಲ್ಲಬೇಕು. ಗಟ್ಟಿಯಾಗಿ ಎರಡು ಸಲ ಓದಿ ಮುಗಿಸುವಷ್ಟು ಸಮಯ ಎಂಬುದು ಒಳ್ಳೆಯ ಅಳತೆ.

ಮಾತು ಮತ್ತು ಸದ್ದು

ಅರವತ್ತೈದು ಸೆಕೆಂಡಿನಲ್ಲಿ ವೀಕ್ಷಕ ವಿವರಣೆಗಾರ ಮಾತಾಡುವುದು ಇಪ್ಪತ್ತು ಸೆಕೆಂಡಿಗೂ ಕಡಿಮೆ. ಕನ್ನಡದಲ್ಲಿ ಅವಸರವಿಲ್ಲದೆ ಹೇಳಿದರೆ ಸೆಕೆಂಡಿಗೆ ಎರಡು ಪದ. ಒಂಬತ್ತು ಸೆಕೆಂಡಿನ ಜಾಗಕ್ಕೆ ಹದಿನೆಂಟು ಪದ ಹಿಡಿಸುತ್ತದೆ, ಆದರೆ ಬರೆಯಬೇಕಾದ್ದು ಹತ್ತು. ಉಳಿದದ್ದು ಉಸಿರಿಗೆ, ಮೈದಾನದ ಸದ್ದಿಗೆ. ಮಾತು ಬೌಲರ್ ಚೆಂಡು ಬಿಡುವ ಮೊದಲೇ ಮುಗಿದಿರಬೇಕು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಎಚ್ಚರ ಇನ್ನಷ್ಟು ಬೇಕು; ಉದ್ದ ವಾಕ್ಯವಾದರೆ ಅದರ ಅರ್ಥ ತಿಳಿಯುವ ಹೊತ್ತಿಗೆ ಚೆಂಡು ಸ್ಟಂಪಿಗೆ ಬಡಿದಾಗಿರುತ್ತದೆ. ಅದಕ್ಕೇ ಮೂರು ನಾಲ್ಕು ಪದದ ಚಿಕ್ಕ ವಾಕ್ಯಗಳು.

ಎರಡು ಬಗೆಯ ಸಾಲುಗಳನ್ನು ಹಾಳೆಯಿಂದ ಹೊಡೆದುಹಾಕಬೇಕು. ಮೊದಲನೆಯದು ಕಣ್ಣಿಗೆ ಕಾಣುವುದನ್ನೇ ಹೇಳುವ ಸಾಲು: “ಸೊಹೇಲ್ ಬ್ಯಾಟ್ ಎತ್ತಿ ಬೌಂಡರಿಯ ಕಡೆ ತೋರಿಸುತ್ತಿದ್ದಾರೆ.” ರೇಡಿಯೋದಲ್ಲಿ ಅದು ಬೇಕು, ಟಿವಿಯಲ್ಲಿ ದಂಡ. ಎರಡನೆಯದು ಮುಂದಿನದನ್ನು ಬಿಟ್ಟುಕೊಡುವ ಸಾಲು: “ಈ ಬೌಂಡರಿಗೆ ಸೊಹೇಲ್ ಬೆಲೆ ತೆರಲಿದ್ದಾರೆ.” ಫಲಿತಾಂಶ ಎಲ್ಲರಿಗೂ ಗೊತ್ತಿದ್ದರೂ ಹೀಗೆ ಬರೆಯಬಾರದು. ಹೈಲೈಟ್ಸಿನ ವಿವರಣೆಗಾರ ಆ ಕ್ಷಣದಲ್ಲಿ ಮೈದಾನದಲ್ಲೇ ಇರುವವನಂತೆ ಮಾತಾಡಬೇಕು. “ಓವರ್ ಇನ್ನೂ ಮುಗಿದಿಲ್ಲ” ಎಂಬ ಸಾಲು ನಿಜವನ್ನಷ್ಟೇ ಹೇಳುತ್ತದೆ, ಗುಟ್ಟು ಬಿಡುವುದಿಲ್ಲ, ಆದರೂ ಕಾಯುವಂತೆ ಮಾಡುತ್ತದೆ.

ಸದ್ದಿನದು ಬೇರೆಯೇ ತೊಂದರೆ. ಹಳೆಯ ಟೇಪುಗಳಲ್ಲಿ ಇಂಗ್ಲಿಷ್ ವಿವರಣೆಯೂ ಮೈದಾನದ ಸದ್ದೂ ಒಂದೇ ಪದರದಲ್ಲಿ ಬೆರೆತಿದ್ದರೆ ಬೇರ್ಪಡಿಸುವುದು ಕಷ್ಟ. ಆಗ ಯಾರೂ ಮಾತಾಡದ ಜಾಗಗಳಿಂದ ಜನರ ಸದ್ದನ್ನು ಆರಿಸಿ ತಂದು ಹಾಸಬೇಕಾಗುತ್ತದೆ. ಇಲ್ಲಿ ಆಗುವ ದೊಡ್ಡ ತಪ್ಪು ಎಲ್ಲಕ್ಕೂ ಒಂದೇ ಆರ್ಭಟ ಹಾಕುವುದು. ಬೆಂಗಳೂರಿನ ಮೈದಾನದಲ್ಲಿ ಅನ್ವರ್ ಹೊಡೆತಕ್ಕೆ ಬರುವ ಸದ್ದೂ ಪ್ರಸಾದ್ ವಿಕೆಟಿಗೆ ಬರುವ ಸದ್ದೂ ಒಂದೇ ಆಗಿರಲು ಸಾಧ್ಯವಿಲ್ಲ. ಸೊಹೇಲ್ ಬೌಂಡರಿಗೆ ಗದ್ದಲ ಹಾಕಿದರೆ, ಕ್ರಿಕೆಟ್ ಬಲ್ಲವನಿಗೆ ಅದು ಸುಳ್ಳೆಂದು ಒಂದೇ ಸೆಕೆಂಡಿನಲ್ಲಿ ತಿಳಿಯುತ್ತದೆ.

ಯಾರನ್ನು ಬಿಡುವುದು

ಕೊನೆಯ ಪರೀಕ್ಷೆ ಬರುವುದು ಜಾವೇದ್ ಮಿಯಾಂದಾದ್ ಎದುರಾದಾಗ. ಆರು ವಿಶ್ವಕಪ್‌ಗಳಲ್ಲಿ ಆಡಿದ ಮೊದಲ ಆಟಗಾರ ಅವರು. ಇದು ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. 38 ರನ್ ಮಾಡಿ ರನೌಟ್ ಆದರು. ಪಂದ್ಯದ ಫಲಿತಾಂಶದ ಕಣ್ಣಿನಿಂದ ನೋಡಿದರೆ ಆ ರನೌಟಿಗೆ ಎಂಟು ಸೆಕೆಂಡು ಸಾಕು. ಕ್ರಿಕೆಟ್ ಚರಿತ್ರೆಯ ಕಣ್ಣಿನಿಂದ ನೋಡಿದರೆ ಹೊರನಡೆಯುವ ಆ ನಡಿಗೆಗೇ ಇನ್ನೂ ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡು ಯಾರ ಲೆಕ್ಕದಿಂದ ಬರಬೇಕು? ಸಿಧು ಹೊಡೆದ ಒಂದು ಬೌಂಡರಿಯನ್ನು ಬಿಡುವುದೇ ಸರಿ. 93 ರನ್ ಗಳಿಸಿ ಪಂದ್ಯಶ್ರೇಷ್ಠರಾದ ಸಿಧು ಅವರಿಗೆ ಬೇರೆ ಬೌಂಡರಿಗಳಿವೆ. ಮಿಯಾಂದಾದ್‌ಗೆ ಇನ್ನೊಂದು ಪಂದ್ಯವಿರಲಿಲ್ಲ.

ಹಾಳೆ ಮುಗಿದ ಮೇಲೆ ಎಡಿಟ್ ಆದ ಪ್ರತಿಯನ್ನು ಎರಡು ಸಲ ಪರೀಕ್ಷಿಸುವ ಕ್ರಮ ಒಳ್ಳೆಯದು. ಒಮ್ಮೆ ಸದ್ದು ಬಂದ್ ಮಾಡಿ ನೋಡುವುದು: ಚಿತ್ರ ಮತ್ತು ಅಂಕಿಗಳಿಂದಲೇ ಪಂದ್ಯ ತಿಳಿಯಬೇಕು. ಇನ್ನೊಮ್ಮೆ ತೆರೆಗೆ ಬೆನ್ನು ಮಾಡಿ ಕೇಳುವುದು: ಮಾತಿನ ನಡುವೆ ಕತ್ತರಿ ಬಿದ್ದಿದ್ದರೆ, ಜನರ ಸದ್ದು ತಟಕ್ಕನೆ ನಿಂತಿದ್ದರೆ ಆಗ ಕಿವಿಗೆ ಬೀಳುತ್ತದೆ.

ಮುಂದಿನ ಸಲ ಯಾವುದೇ ಪಂದ್ಯದ ಹೈಲೈಟ್ಸ್ ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಗೆದ್ದವರು ಯಾಕೆ ಗೆದ್ದರು ಎಂದು ಪಕ್ಕದವರಿಗೆ ಎರಡು ವಾಕ್ಯದಲ್ಲಿ ಹೇಳಬಲ್ಲಿರಾ? ಹೇಳಬಲ್ಲಿರಾದರೆ ಅದನ್ನು ಯಾರೋ ಕೂತು ಬರೆದಿದ್ದಾರೆ. ಇಲ್ಲವಾದರೆ ನೀವು ನೋಡಿದ್ದು ಬೌಂಡರಿಗಳ ಪಟ್ಟಿ.